ಬುತ್ತಿಗಂಟಿನಲ್ಲಿ ಒಂದು ಚೀಟಿ

ಎಳ್ಳಮಾವಾಸ್ಯೆಯ ಚರಗ ಚೆಲ್ಲಿ ಹೊಲದಿಂದ ಬಂದ ಸಂಜೆ ಮನೆ ಮುಂದೆ ಗಾಡಿ ಇರಲಿಲ್ಲ. ಹದಿನಾರು ವರ್ಷದ ಮಗ ಹೇಳದೆ ಕೇಳದೆ ಕೀಲಿ ತೆಗೆದುಕೊಂಡು, ಹಿಂದೆ ಇಬ್ಬರು ಗೆಳೆಯರನ್ನು ಕೂರಿಸಿಕೊಂಡು ಸಿಂದಗಿಗೆ ಹೋಗಿದ್ದ. ಕತ್ತಲಾದ ಮೇಲೆ ಬಂದ. ಬಸ್‌ಸ್ಟ್ಯಾಂಡಿನ ಚಹಾದಂಗಡಿ ಎದುರು ಅವನನ್ನು ಇಳಿಸಿ, ಕುಳಿತ ಮಂದಿಯ ಮುಂದೆ, ಆ ಇಬ್ಬರು ಗೆಳೆಯರ ಮುಂದೆ ಬೈದೆ. ಕೊನೆಗೆ 'ನೀ ಹುಟ್ಟಿದ್ದ ದಂಡ' ಅಂದೆ. ಮರುದಿನ ಮೊದಲ ಬಸ್ಸಿಗೆ ಅವನು ವಿಜಯಪುರದ ಹಾಸ್ಟೆಲಿಗೆ ಹೊರಟುಹೋದ. ಅವ್ವ ಕಟ್ಟಿಟ್ಟಿದ್ದ ಬುತ್ತಿ ಕಟ್ಟೆಯ ಮೇಲೆಯೇ ಉಳಿದಿತ್ತು.

ಆಮೇಲೆ ನಾನು ಅವನಿಗೊಂದು ಚೀಟಿ ಬರೆದೆ. ಮೂರು ಸಲ ಬರೆದು ಹರಿದೆ, ನಾಲ್ಕನೆಯದನ್ನು ಕಳಿಸಿದೆ. ಬೈದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು, ಗಾಡಿ ಕೊಡುವುದಿಲ್ಲ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಾರದು. ಇವೆರಡೂ ಒಂದೇ ಕಾಗದದಲ್ಲಿ ಹೇಗೆ ಕೂರುತ್ತವೆ ಎಂಬುದು ಆ ಮೂರು ಹರಿದ ಕಾಗದಗಳಿಂದ ನನಗೆ ತಿಳಿಯಿತು.

ಯಾವಾಗ, ಯಾವುದರ ಮೇಲೆ

ಬೈದ ರಾತ್ರಿ ಬರೆಯಬೇಡಿ. ಆ ರಾತ್ರಿ ಬರೆದದ್ದು ಬೈಗುಳದ ಎರಡನೆಯ ಭಾಗವೇ ಆಗುತ್ತದೆ. ಹಾಗೆಂದು ವಾರಗಟ್ಟಲೆ ಬಿಟ್ಟರೆ ಇಬ್ಬರೂ ಮಾತಿಲ್ಲದೆ ಇರುವುದನ್ನೇ ರೂಢಿ ಮಾಡಿಕೊಳ್ಳುತ್ತಾರೆ. ಒಂದು ರಾತ್ರಿ ಕಳೆಯಲಿ, ಮೂರನೆಯ ದಿನ ದಾಟದಿರಲಿ.

ವಾಟ್ಸ್‌ಆ್ಯಪ್ ಬೇಡ. ಹಾಸ್ಟೆಲಿನಲ್ಲಿ ಒಬ್ಬರ ಫೋನು ನಾಲ್ವರ ಕೈಯಲ್ಲಿ ಓಡಾಡುತ್ತದೆ. ಮಂದಿ ಮುಂದೆ ಬೈದದ್ದೇ ಮೊದಲ ತಪ್ಪು, ಮಂದಿ ಓದುವ ಹಾಗೆ ಅದನ್ನು ತಿದ್ದಲು ಹೋಗಬಾರದು. ಕಾಗದವಾದರೆ ಅವನು ಒಬ್ಬನೇ ಇದ್ದಾಗ ಓದಬಹುದು, ಓದದೆ ಕಿಸೆಯಲ್ಲಿ ಇಟ್ಟುಕೊಳ್ಳಬಹುದು, ಎರಡನೆಯ ಸಲ ತೆಗೆಯಬಹುದು. ಎದುರಿಗೆ ಕೂತು ಹೇಳಿದರೆ ಆ ವಯಸ್ಸಿನ ಹುಡುಗ ತಕ್ಷಣ ಏನಾದರೂ ಉತ್ತರ ಕೊಡಬೇಕಾಗುತ್ತದೆ, ಆ ಉತ್ತರಕ್ಕೆ ನಮಗೆ ಮತ್ತೆ ಸಿಟ್ಟು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರಿಗೆ ಇದಕ್ಕೊಂದು ಸಲೀಸಾದ ದಾರಿ ಇದೆ. ವಿಜಯಪುರದಲ್ಲಿ ಓದುವ ಮಕ್ಕಳಿಗೆ ಬುತ್ತಿಚೀಲ ಬಸ್ಸಿನಲ್ಲಿ ಹೋಗುತ್ತದೆ. ರೊಟ್ಟಿ ಕಟ್ಟಿದ ಅರಿವೆಯ ಹೊರಮಡಿಕೆಯಲ್ಲಿ ಚೀಟಿ ಇಡಿ. ಹಿಂಡಿಯ ಪೊಟ್ಟಣದ ಹತ್ತಿರ ಇಟ್ಟರೆ ಎಣ್ಣೆ ಹಿಡಿದು ಅಕ್ಷರ ಹೋಗುತ್ತವೆ, ನನ್ನ ಮೊದಲ ಪ್ರಯತ್ನದಲ್ಲಿ ಹಾಗೆಯೇ ಆಗಿ, ಬಸ್ ಬರುವ ಮುಂಚೆ ಮತ್ತೆ ನಕಲು ಮಾಡಬೇಕಾಯಿತು. ಮನೆಯಲ್ಲೇ ಇರುವ ಮಗ, ಮಗಳಾದರೆ ಪಾಟಿಚೀಲ ಸಾಕು.

ಬರೆಯಲು ಬಾರದ ತಂದೆತಾಯಿ ಇನ್ನೊಂದು ಮಗುವಿನ ಕೈಯಲ್ಲಿ ಬರೆಸಬಾರದು. ತಮ್ಮನೋ ತಂಗಿಯೋ ಬರೆದ ಕ್ಷಮೆ ಅವನಿಗೆ ಮತ್ತೊಂದು ಅವಮಾನ. ಊಟಕ್ಕೆ ನೀಡುವಾಗ, ಬೇರೆ ಯಾರೂ ಇಲ್ಲದಾಗ, ಮುಂದೆ ಹೇಳುವ ಮಾತುಗಳನ್ನೇ ಬಾಯಿಂದ ಹೇಳಿ ಎದ್ದುಹೋಗಲಿ.

ಮೊದಲ ಭಾಗ: ಅನಬಾರದಿತ್ತು

ನನ್ನ ಮೊದಲ ಕಾಗದ ಹೀಗೆ ಶುರುವಾಗಿತ್ತು: 'ಅವತ್ತ ನನಗ ಸಿಟ್ಟು ಬಂತು, ಬಾಯಿಂದ ಮಾತು ಹೋತು.' ಓದಿ ನೋಡಿದರೆ ಅದರಲ್ಲಿ ನಾನೇ ಇಲ್ಲ. ಸಿಟ್ಟು ತಾನಾಗಿ ಬಂತು, ಮಾತು ತಾನಾಗಿ ಹೋಯಿತು. ನಮ್ಮ ಭಾಷೆಯಲ್ಲಿ ಸಿಟ್ಟು, ಹಸಿವು, ನಿದ್ದೆ ಎಲ್ಲವೂ ನಮಗೆ 'ಬರುತ್ತವೆ', ಆದ್ದರಿಂದ ಇಲ್ಲಿ ಜಾರಿಕೊಳ್ಳುವುದು ಬಹಳ ಸುಲಭ. 'ಬೈಬೇಕಾತು' ಎಂಬುದೂ ಹಾಗೆಯೇ, ಅದು ಹೊಣೆಯನ್ನು ಹುಡುಗನ ಮೇಲೆ ಹಾಕುತ್ತದೆ. 'ನಾ ಅಂದೆ' ಎಂದೇ ಬರೆಯಬೇಕು.

ಅಂದ ಮಾತನ್ನೂ ಬರೆಯಬೇಕು. 'ಏನೇನೋ ಅಂದೆ' ಎಂದರೆ ಯಾವುದನ್ನು ಹಿಂದಕ್ಕೆ ತೆಗೆದುಕೊಂಡಿರಿ ಎಂದು ಅವನಿಗೆ ತಿಳಿಯುವುದಿಲ್ಲ. ಅವನು ಮನಸ್ಸಿನಲ್ಲಿ ಹಿಡಿದುಕೊಂಡಿರುವುದು ಇಡೀ ಬೈಗುಳವನ್ನಲ್ಲ, ಒಂದೇ ಒಂದು ಮಾತನ್ನು. ನನ್ನ ಮಗನ ವಿಷಯದಲ್ಲಿ ಅದು ಯಾವುದೆಂದು ನನಗೆ ಗೊತ್ತಿತ್ತು, ಆ ಮಾತಿಗೆ ಅವನ ಮುಖ ಕೆಳಗಾದದ್ದನ್ನು ನೋಡಿದ್ದೆ.

'ಕ್ಷಮಿಸು' ಎಂಬ ಶಬ್ದ ನಮ್ಮ ಮನೆಗಳಲ್ಲಿ ಅಪ್ಪನ ಬಾಯಲ್ಲಿ ಬರುವುದಿಲ್ಲ, ಬರೆದರೂ ಪುಸ್ತಕದ ಮಾತಾಗುತ್ತದೆ. 'ಹಂಗ ಅನಬಾರದಿತ್ತು' ಎಂಬುದು ನಾವು ನಿಜವಾಗಿ ಆಡುವ ಮಾತು. ಅದು ಸಾಕು.

ಈ ಭಾಗದಲ್ಲಿ 'ಆದ್ರ' ಇರಬಾರದು. ನನ್ನ ಎರಡನೆಯ ಕಾಗದದಲ್ಲಿ ಅದು ನಾಲ್ಕು ಕಡೆ ಇತ್ತು. 'ಅನಬಾರದಿತ್ತು, ಆದ್ರ ನೀನೂ...' ಎಂದ ಕೂಡಲೇ ಮೊದಲರ್ಧ ಅಳಿಸಿಹೋಗುತ್ತದೆ, ಓದುವವನು ಎರಡನೆಯ ಅರ್ಧವನ್ನಷ್ಟೇ ಓದುತ್ತಾನೆ. 'ನಿನ್ನ ಒಳ್ಳೇದಕ್ಕ ಅಂದೆ' ಎಂಬುದನ್ನೂ, ಹಾಸ್ಟೆಲ್ ಫೀ ಲೆಕ್ಕವನ್ನೂ ಹೊಡೆದು ಹಾಕಿದೆ.

ಎರಡನೆಯ ಭಾಗ: ಕೀಲಿ

ಒಂದು ಸಾಲು ಖಾಲಿ ಬಿಟ್ಟು ನಿಯಮ ಬರೆಯಿರಿ. ಆ ಖಾಲಿ ಸಾಲು ಚೀಟಿಯ ಮುಖ್ಯ ಭಾಗ: ನನ್ನ ತಪ್ಪು ಮೇಲೆ ಮುಗಿಯಿತು, ಇದು ಬೇರೆ ಮಾತು ಎಂದು ಕಣ್ಣಿಗೇ ಕಾಣಬೇಕು.

ನಿಯಮಕ್ಕೆ ಎಲ್ಲೆ ಇರಬೇಕು. 'ಇನ್ನ ಮ್ಯಾಲ ಸರಿಯಾಗಿರು' ಎಂಬುದು ನಿಯಮವಲ್ಲ. ಏನು ಇಲ್ಲ, ಎಲ್ಲಿಯವರೆಗೆ ಇಲ್ಲ, ಯಾಕೆ ಇಲ್ಲ, ಮುಂದೆ ಯಾವಾಗ ಆಗುತ್ತದೆ, ಇಷ್ಟು. ಕಾರಣ ಒಂದೇ ಇರಲಿ, ನಮ್ಮ ರಸ್ತೆಯದ್ದೇ ಇರಲಿ. ಕಬ್ಬಿನ ಕಾಲದಲ್ಲಿ ಇಂಡಿ, ಸಿಂದಗಿಯ ರಸ್ತೆಗಳಲ್ಲಿ ಹಿಂದೆ ದೀಪವಿಲ್ಲದ ಟ್ರಾಲಿಗಳು ಕತ್ತಲಲ್ಲಿ ನಿಂತಿರುತ್ತವೆ. ಎದುರಿನ ಗಾಡಿಯ ಬೆಳಕು ಕಣ್ಣಿಗೆ ಬಿದ್ದಾಗ ಟ್ರಾಲಿ ಕಾಣುವುದೇ ಇಲ್ಲ. ಹೆದರಿಕೆಯ ಮಾತು ಇಲ್ಲೇ ಬರಬೇಕು. ಅದನ್ನು ಮೊದಲ ಭಾಗದಲ್ಲಿ ಬರೆದರೆ ಬೈದದ್ದಕ್ಕೆ ನೆವವಾಗುತ್ತದೆ, ಇಲ್ಲಿ ಬರೆದರೆ ನಿಯಮಕ್ಕೆ ಕಾರಣವಾಗುತ್ತದೆ.

ಕಾನೂನನ್ನು ನಾನು ಚೀಟಿಯಲ್ಲಿ ಬರೆಯಲಿಲ್ಲ, ಅದು ನೋಟಿಸಿನಂತೆ ಕಾಣುತ್ತದೆ. ತಂದೆತಾಯಿಗೆ ಮಾತ್ರ ಅದು ಗೊತ್ತಿರಬೇಕು. ಗೇರ್ ಇರುವ ಬೈಕಿಗೆ 18 ತುಂಬಬೇಕು. 16ಕ್ಕೆ ಅನುಮತಿ ಇರುವುದು 50 ಸಿಸಿ ಮೀರದ ಗಾಡಿಗೆ, ಅದಕ್ಕೂ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯಿಂದ ಬಂದ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನ ಪ್ರಕಾರ ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಸಿಕ್ಕರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ಹೀಗಿರುವಾಗ 'ಹೋಗಲಿ ಬಿಡು, ಊರೊಳಗೆ ಓಡಿಸಿಕೋ' ಎಂದು ರಾಜಿಯಾಗುವುದು ಪ್ರೀತಿಯಲ್ಲ.

ಕೊನೆಗೆ ಹೋದ ಚೀಟಿ ಇದು:

'ತಮ್ಮಾ,

ಅಮಾಸಿ ಸಂಜೀಕ ಹೋಟೆಲ್ ಮುಂದ ನಾ ನಿನಗ "ನೀ ಹುಟ್ಟಿದ್ದ ದಂಡ" ಅಂದೆ. ಹಂಗ ಅನಬಾರದಿತ್ತು. ಅದು ಖರೆ ಅಲ್ಲ. ನಿನ್ನ ಗೆಳ್ಯಾರ ಮುಂದ ಅಂದದ್ದು ಇನ್ನೂ ತಪ್ಪು. ತಪ್ಪು ನಂದು.

ಗಾಡಿ ಕೀಲಿ 18 ತುಂಬೂ ತನಕ ಕೊಡಂಗಿಲ್ಲ. ಊರಾಗೂ ಇಲ್ಲ, ಹೊಲದ ದಾರ್ಯಾಗೂ ಇಲ್ಲ. ಲೈಟ್ ಇಲ್ಲದ ಕಬ್ಬಿನ ಟ್ರಾಲಿ ನಿಲ್ಲೂ ರಸ್ತಾದಾಗ ರಾತ್ರಿ ನೀ ಹೋಗಿದ್ದಿ ಅಂತ ತಿಳದು ನನ್ನ ಕೈಕಾಲು ಥಣ್ಣಗಾದವು. 18 ತುಂಬಿದ ಮ್ಯಾಲ ಎಲ್‌ಎಲ್ ಮಾಡ್ಸಾಕ ನಾನ ಕರಕೊಂಡು ಹೋಗ್ತೀನಿ.

ಶನಿವಾರ ಸಂಜಿ ಬಸ್ಸಿಗಿ ಬಂದ್ರ ಕ್ರಾಸಿನ್ಯಾಗ ನಿಂತಿರ್ತೀನಿ. ಏನರ ಹೇಳೂದಿದ್ರ ಹೇಳು, ಕೇಳ್ತೀನಿ.

ಅಪ್ಪ'

'ಇನ್ನ ಎಂದೂ ಬೈಯಂಗಿಲ್ಲ' ಎಂದು ಬರೆದಿದ್ದೆ, ತೆಗೆದೆ. ತಿಂಗಳೊಳಗೆ ಮುರಿಯುವ ಮಾತದು. ಚೀಟಿಯ ಜೊತೆ ದುಡ್ಡು ಇಡುವ ಮನಸ್ಸೂ ಆಗಿತ್ತು. ಇಟ್ಟಿದ್ದರೆ ಅಂದದ್ದಕ್ಕೆ ಬೆಲೆ ಕಟ್ಟಿದಂತಾಗುತ್ತಿತ್ತು.

ನಿಯಮ ಬೇರೆಯಾದರೂ ಕಟ್ಟು ಇದೇ. ಆಲಮಟ್ಟಿಯ ಕಾಲುವೆ ನೀರು ಹರಿಯುವ ಊರುಗಳಲ್ಲಿ ಮಗಳೋ ಮಗನೋ ಕೆನಾಲಿಗೆ ಈಜಲು ಇಳಿದದ್ದಕ್ಕೆ ಬೈದಿದ್ದರೆ, ಎರಡನೆಯ ಭಾಗದಲ್ಲಿ ಹೀಗೆ ಬರೆಯಬಹುದು: 'ಕೆನಾಲಿಗಿ ಇಳಿಯೂದಿಲ್ಲ. ಈಜು ಬಂದ್ರೂ ಕಾಂಕ್ರೀಟಿನ ಇಳಿಜಾರಿಗೆ ಪಾಚಿ ಹಿಡದಿರ್ತದ, ಹತ್ತಾಕ ಹಿಡಕೊಳ್ಳಾಕ ಏನೂ ಇಲ್ಲ.' ಈಜು ಕಲಿಸುವವರು ಜೊತೆಗಿದ್ದು ಮೆಟ್ಟಿಲಿರುವ ಬಾವಿಗೆ ಕರೆದೊಯ್ಯುವುದು ಅಲ್ಲಿ 'ಮುಂದೆ ಯಾವಾಗ' ಎಂಬುದಕ್ಕೆ ಉತ್ತರ.

ಚೀಟಿ ತಲುಪಿದ ಮೇಲೆ

'ಓದಿದೇನು?' ಎಂದು ಕೇಳಬೇಡಿ, ಅವ್ವನ ಬಾಯಿಂದಲೂ ಕೇಳಿಸಬೇಡಿ. ಉತ್ತರ ಬರದಿದ್ದರೆ ಚೀಟಿ ಕೆಲಸ ಮಾಡಿಲ್ಲ ಎಂದಲ್ಲ. ಗುರುತುಗಳು ಸಣ್ಣವು. ಖಾಲಿ ಬುತ್ತಿಚೀಲ ವಾಪಸು ಬಂದಾಗ ಅರಿವೆ ಒಗೆದು ಮಡಿಚಿತ್ತು, ಚೀಟಿ ಇರಲಿಲ್ಲ. ಎರಡು ದಿನ ಬಿಟ್ಟು ಅವ್ವನಿಗೆ ಫೋನ್ ಮಾಡಿ ಗುರೆಳ್ಳ ಹಿಂಡಿ ಕಳಿಸು ಅಂದ. ಮಕ್ಕಳು ಏನಾದರೂ ಕೇಳತೊಡಗಿದರೆ ಬಾಗಿಲು ತೆರೆದಿದೆ ಎಂದರ್ಥ.

ಒಂದು ಮಿತಿಯನ್ನು ಹೇಳಲೇಬೇಕು. 2014ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಮಿಂಗ್-ಟೆ ವಾಂಗ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯದ ಸಾರಾ ಕೆನ್ನಿ ಹದಿಹರೆಯದವರ ಮನೆಗಳನ್ನು ಅಧ್ಯಯನ ಮಾಡಿ ಪ್ರಕಟಿಸಿದ್ದರು. ಕೂಗಾಟ ಮತ್ತು ಹೀನೈಸುವ ಮಾತು ಹೆಚ್ಚಿದ್ದಲ್ಲಿ ಮಕ್ಕಳ ನಡತೆ ಮುಂದೆ ಇನ್ನಷ್ಟು ಕೆಟ್ಟಿತ್ತು, ಮನೆಯಲ್ಲಿ ಪ್ರೀತಿ ಇದ್ದರೂ ಆ ಪರಿಣಾಮ ಕಡಿಮೆಯಾಗಿರಲಿಲ್ಲ. ಅಂದರೆ ತಿಂಗಳಿಗೊಮ್ಮೆ ಬೈದು ತಿಂಗಳಿಗೊಮ್ಮೆ ಚೀಟಿ ಬರೆದರೆ ಆಗದು, ಎರಡನೆಯ ಚೀಟಿಯನ್ನು ಅವನು ಓದುವುದೂ ಇಲ್ಲ. ಇನ್ನು, ಮಗು ದಿನಗಟ್ಟಲೆ ಊಟ ಬಿಟ್ಟರೆ, ಬದುಕಿ ಏನು ಮಾಡಲಿ ಎಂಬ ಮಾತಾಡಿದರೆ ಚೀಟಿಗೆ ಕಾಯಬೇಡಿ. ಅವರ ಹತ್ತಿರ ಹೋಗಿ ಕೂಡಿ, ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ನಿಯಮದ ಪರೀಕ್ಷೆ ಮಾತ್ರ ಎಲ್ಲ ಸರಿಹೋದ ಮೇಲೆಯೇ ಬರುತ್ತದೆ. ಶನಿವಾರ ಸಂಜೆ ಬಸ್ಸಿನಿಂದ ಇಳಿದ. ಚೀಟಿಯ ಮಾತು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಚೀಲವನ್ನು ಗಾಡಿಯ ಮುಂದೆ ಇಟ್ಟು, ಕೀಲಿ ನೋಡಿ, 'ಅಪ್ಪಾ, ಊರ ಮಟ ನಾ ಹೊಡೀಲ್ಯಾ?' ಅಂದ. ಐದು ದಿನದ ಮೇಲೆ ಅವನು ನನ್ನನ್ನು ಅಪ್ಪಾ ಎಂದು ಕರೆದಿದ್ದ.

'ಇಲ್ಲ ತಮ್ಮಾ' ಅಂದೆ.

ಹಿಂದೆ ಕುಳಿತು, ನನ್ನ ಹೆಗಲ ಮೇಲೆ ಕೈ ಇಟ್ಟ.