ಮೂಗಿನ ಟ್ಯೂಬಿನ ಕಪ್ಪು ಗೆರೆ

ಲಕ್ವ ಹೊಡೆದ ನಮ್ಮ ಮಾವನವರನ್ನು ಮನೆಗೆ ಕಳಿಸುವಾಗ ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ಊಟದ ಬಗ್ಗೆ ಇದ್ದದ್ದು ಒಂದೇ ಸಾಲು: ರೈಲ್ಸ್ ಟ್ಯೂಬಿನಲ್ಲಿ ಎರಡು ಗಂಟೆಗೊಮ್ಮೆ 200 ಎಂಎಲ್. ಮಾತ್ರೆ ಯಾವ ಹೊತ್ತಿಗೆ ಯಾವುದು ಎಂದು ಅರ್ಧ ಪುಟ ಬರೆದವರಿಗೆ, ಆ 200 ಎಂಎಲ್ ಹೊಟ್ಟೆಗೇ ಹೋಗುತ್ತಿದೆ ಎಂದು ಮನೆಯವರು ತಿಳಿಯುವುದು ಹೇಗೆ ಎಂದು ಬರೆಯಲು ಜಾಗ ಇರಲಿಲ್ಲ. ಆ ಕೋಪ ನನಗೆ ಇನ್ನೂ ಇಳಿದಿಲ್ಲ.

ರಾತ್ರಿ ಪಾಳಿಯ ಬ್ರದರ್ ಒಬ್ಬರು ಮಾತ್ರ, ಟ್ಯೂಬು ಮೂಗಿನ ಹೊಳ್ಳೆಯಿಂದ ಹೊರಬರುವ ಜಾಗದಲ್ಲಿ ಕಪ್ಪು ಮಾರ್ಕರಿನಿಂದ ಗೆರೆ ಎಳೆದು, "ಅಮ್ಮಾ, ಪ್ರತಿ ಸಲ ಊಟ ಹಾಕೋ ಮುಂಚೆ ಈ ಗೆರೆ ಇಲ್ಲೇ ಇದೆಯಾ ನೋಡಿ. ಕೆಳಗೆ ಬಂದಿದ್ರೆ ಒಂದು ಹನಿ ನೀರೂ ಹಾಕಬೇಡಿ" ಎಂದಿದ್ದರು. ಹಗಲಿನ ಸಿಸ್ಟರ್ ಬೇರೆಯೇ ಹೇಳಿಕೊಟ್ಟರು. ಸಿರಿಂಜಿನಲ್ಲಿ ಗಾಳಿ ಊದಿ, ಹೊಟ್ಟೆಯ ಮೇಲೆ ಕಿವಿಯಿಟ್ಟು, ಗುಳಗುಳ ಸದ್ದು ಬಂದರೆ ಟ್ಯೂಬು ಸರಿಯಾಗಿದೆ ಎಂದು. ನಮ್ಮ ಯಜಮಾನರ ಅಕ್ಕ ಕಲಿತದ್ದು ಇದನ್ನು, ನಾನು ನಂಬಿದ್ದು ಗೆರೆಯನ್ನು.

ಮಾವನವರ ಎಡಗೈಗೆ ಶಕ್ತಿ ಇತ್ತು. ಅರೆನಿದ್ದೆಯಲ್ಲಿ ಕೈ ಮೂಗಿನ ಹತ್ತಿರವೇ ಹೋಗುತ್ತಿತ್ತು. ಒಂದು ದಿನ ನಾನು ಮೆಡಿಕಲ್ ಶಾಪಿಗೆ ಹೋಗಿದ್ದಾಗ ಮೂಗಿನ ಮೇಲಿನ ಟೇಪು ಬಿಟ್ಟುಕೊಂಡು ಟ್ಯೂಬು ಹೊರಗೆ ಜಾರಿದೆ. ಅಕ್ಕ ಅದನ್ನು ಇದ್ದಲ್ಲೇ ಹೊಸ ಟೇಪು ಹಾಕಿ ಅಂಟಿಸಿ, ಗಾಳಿ ಊದಿ, ಸದ್ದು ಕೇಳಿಸಿಕೊಂಡು, ರಾಗಿ ಗಂಜಿ ಹಾಕಲು ಶುರು ಮಾಡಿದ್ದರು. ನಾನು ಚಪ್ಪಲಿ ಬಿಡುವಾಗಲೇ ಒಳಗಿನಿಂದ ಕೆಮ್ಮು ಕೇಳಿಸಿತು. ಜೋರಾದ ಕೆಮ್ಮಲ್ಲ, ಗಂಟಲಲ್ಲೇ ಸಿಕ್ಕಿಕೊಂಡಂಥ ಒದ್ದೆ ಸದ್ದು. ಹೋಗಿ ನೋಡಿದರೆ ಬಾಯಿಯ ಕೊನೆಯಲ್ಲಿ ಗಂಜಿ, ತುಟಿ ನೀಲಿ. ಕಪ್ಪು ಗೆರೆ ಹೊಳ್ಳೆಯಿಂದ ನಾಲ್ಕು ಬೆರಳು ಕೆಳಗೆ. "ಅಕ್ಕಾ, ನಿಲ್ಸಿ!" ಎಂದರೆ, "ಸದ್ದು ಬಂತಲ್ಲೇ, ಅಪ್ಪಂಗೆ ಬೆಳಗ್ಗೆಯಿಂದ ಹೊಟ್ಟೆಗಿಲ್ಲ, ಇನ್ನು ಸ್ವಲ್ಪ ಇದೆ" ಎಂದು ಸಿರಿಂಜನ್ನು ಇನ್ನೂ ಮೇಲೆತ್ತಿದರು. ನಾನು ಟ್ಯೂಬನ್ನು ಮಡಚಿ ಹಿಡಿದು, ಸಿರಿಂಜನ್ನು ಕಿತ್ತು ಬಾಗಿಲ ಕಡೆ ಎಸೆದೆ. ಮಾವನವರನ್ನು ಪಕ್ಕಕ್ಕೆ ಹೊರಳಿಸಿ ಬಾಯಲ್ಲಿದ್ದ ಗಂಜಿ ಹೊರಗೆ ಸುರಿಯುವ ಹಾಗೆ ಮಾಡಿ, ಬಟ್ಟೆ ಸುತ್ತಿದ ಬೆರಳಿನಿಂದ ಕೆನ್ನೆಯೊಳಗೆ ಕಂಡದ್ದನ್ನು ಒರೆಸಿದೆ. ಎದೆಯೊಳಗೆ ಗೊರಗೊರ. ಆಂಬುಲೆನ್ಸಿಗೆ 108ಕ್ಕೆ ಫೋನು ಮಾಡಿ ಕಾಯುವಷ್ಟೂ ಹೊತ್ತು ಅವರನ್ನು ನನ್ನ ಎದೆಗೆ ಒರಗಿಸಿ ಕೂರಿಸಿಕೊಂಡಿದ್ದೆ. ಅಕ್ಕ ಎದುರಿಗೆ ನಿಂತು "ನಾನೇನು ಮಾಡಿದೆ" ಎಂದು ಅಳುತ್ತಿದ್ದರು. ನನಗೆ ಸಮಾಧಾನ ಹೇಳಲು ಆಗಲಿಲ್ಲ, ಹೇಳಬೇಕೆಂದೂ ಅನ್ನಿಸಲಿಲ್ಲ.

ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಬೆಳ್ಳಗೆ ಕಂಡಿತು. ನ್ಯುಮೋನಿಯಾ. ಆಕ್ಸಿಜನ್, ಇಂಜೆಕ್ಷನ್, ಮತ್ತೆ ಐಸಿಯು. ಅಲ್ಲಿನ ಡಾಕ್ಟರು ವಿವರಿಸಿದರು: ಟ್ಯೂಬು ಜಾರಿ ತುದಿ ಅನ್ನನಾಳದಲ್ಲಿ ನಿಂತರೆ, ಹಾಕಿದ್ದು ಗಂಟಲಿಗೆ ಉಕ್ಕಿ ಶ್ವಾಸನಾಳಕ್ಕೆ ಇಳಿಯುತ್ತದೆ. ಊದಿದ ಗಾಳಿಯ ಸದ್ದು ಮಾತ್ರ ಆಗಲೂ ಹೊಟ್ಟೆಯ ಮೇಲೆ ಕೇಳಿಸಬಹುದು. ತುದಿ ಶ್ವಾಸಕೋಶದಲ್ಲಿದ್ದಾಗಲೂ ಕೇಳಿಸಬಹುದು. ಲಕ್ವದವರಲ್ಲಿ ಕೆಮ್ಮುವ ಶಕ್ತಿಯೂ ಕುಂದಿರುವುದರಿಂದ ಕೆಲವರು ಕೆಮ್ಮುವುದೇ ಇಲ್ಲ. ಸದ್ದನ್ನು ನಂಬಬಾರದು, ಕೆಮ್ಮಿಲ್ಲ ಎಂದು ಧೈರ್ಯವಾಗಿಯೂ ಇರಬಾರದು.

ಹಾಗಾಗಿ ನಮ್ಮ ಮನೆಯಲ್ಲಿ ಆಮೇಲೆ ನಡೆದ ಕ್ರಮ ಇದು. ಕೈ ತೊಳೆದು, ಮೊದಲು ಗೆರೆ ನೋಡುವುದು. ಬಾಯಿ ತೆರೆಸಿ ಟಾರ್ಚ್ ಬಿಟ್ಟು, ಟ್ಯೂಬು ಗಂಟಲಲ್ಲಿ ಸುರುಳಿಯಾಗಿಲ್ಲ ಎಂದು ನೋಡುವುದು. ಆಮೇಲೆ ಸಿರಿಂಜಿನಿಂದ ನಿಧಾನ ಎಳೆಯುವುದು. ಹಸಿರು ಮಿಶ್ರಿತ ಹಳದಿ ನೀರೋ ಒಡೆದ ಹಾಲಿನಂಥದ್ದೋ ಬಂದರೆ ಹೊಟ್ಟೆಯದು ಎಂಬ ಭರವಸೆ ಹೆಚ್ಚುತ್ತದೆ. ಆಸ್ಪತ್ರೆಯಲ್ಲಿ ಪಿಎಚ್ ಪಟ್ಟಿ ಕೊಟ್ಟಿದ್ದರು. ಬಂದ ನೀರಿನಲ್ಲಿ ಅದ್ದಿದಾಗ 5.5 ಅಥವಾ ಕಡಿಮೆ ತೋರಿಸಿದರೆ ಸರಿ. ಆಸಿಡಿಟಿ ಮಾತ್ರೆ ತಿನ್ನುವವರಲ್ಲಿ ಅಂಕಿ ಮೇಲೇರಬಹುದು, ಅದನ್ನು ಮೊದಲೇ ಡಾಕ್ಟರಿಗೆ ಹೇಳಿಟ್ಟಿರಬೇಕು. ಹಿಂದಿನ ಊಟದ ಅರ್ಧಕ್ಕಿಂತ ಹೆಚ್ಚು ವಾಪಸ್ ಬಂದರೆ, ಬಂದದ್ದನ್ನು ಒಳಗೇ ಬಿಟ್ಟು ಒಂದು ಗಂಟೆ ಕಾಯಿರಿ ಎಂದು ನಮಗೆ ಹೇಳಿದ್ದರು. ಯಾವುದರಲ್ಲಾದರೂ ಅನುಮಾನವಿದ್ದರೆ ಊಟ ಹಾಕುವುದಿಲ್ಲ, ಆಸ್ಪತ್ರೆಗೆ ಫೋನು. ಒಂದು ಹೊತ್ತು ಹಸಿದರೆ ಏನೂ ಆಗದು, ಸಕ್ಕರೆ ಕಾಯಿಲೆಯವರಾದರೆ ಮಾತ್ರ ಇನ್ಸುಲಿನ್ ಬಗ್ಗೆ ತಕ್ಷಣ ಕೇಳಬೇಕು. ಜಾರಿದ ಟ್ಯೂಬನ್ನು ಮನೆಯಲ್ಲಿ ಒಳಗೆ ತಳ್ಳುವ ಸಾಹಸವಂತೂ ಬೇಡವೇ ಬೇಡ.

ಕೂರಿಸುವ ವಿಷಯದಲ್ಲಿ ಎಲ್ಲರೂ ದಿಂಬನ್ನು ನಂಬುತ್ತಾರೆ. ತಲೆಯ ಕೆಳಗೆ ಎರಡು ದಿಂಬು ಇಟ್ಟರೆ ಕತ್ತು ಮಾತ್ರ ಬಗ್ಗುತ್ತದೆ. ಸೊಂಟದಿಂದಲೇ ಮೇಲೇಳಬೇಕು. ಕುರ್ಚಿಯಲ್ಲಿ ಕೂರಲು ಆದರೆ ಅದೇ ಒಳ್ಳೆಯದು, ಆಗದಿದ್ದರೆ ಮಂಚದ ತಲೆಭಾಗ 30ರಿಂದ 45 ಡಿಗ್ರಿ ಏರಿಸಿ, ಜಾರದ ಹಾಗೆ ಮಂಡಿಯ ಕೆಳಗೆ ಒಂದು ದಿಂಬು. ಊಟವಾದ ಮೇಲೂ ಒಂದು ಗಂಟೆ ಹಾಗೇ. ಅಷ್ಟರೊಳಗೆ ಬಟ್ಟೆ ಬದಲಿಸಲೆಂದು ಮಲಗಿಸಬಾರದು.

ಪಿಸ್ಟನ್ ತೆಗೆದ 50 ಎಂಎಲ್ ಸಿರಿಂಜನ್ನು ಟ್ಯೂಬಿಗೆ ಸಿಕ್ಕಿಸಿ, ಮೊದಲು 30 ಎಂಎಲ್ ಕಾಯಿಸಿ ಆರಿಸಿದ ನೀರು, ಆಮೇಲೆ ಊಟ, ಕೊನೆಗೆ ಮತ್ತೆ 30 ಎಂಎಲ್ ನೀರು. ನೀರಿಗೆ ಮಿತಿ ಹಾಕಿದವರು ಈ ಲೆಕ್ಕವನ್ನು ಡಾಕ್ಟರ ಹತ್ತಿರ ಕೇಳಿಕೊಳ್ಳಬೇಕು. ಊಟ ತನ್ನಷ್ಟಕ್ಕೆ ಇಳಿಯಬೇಕು, 200 ಎಂಎಲ್‌ಗೆ 15-20 ನಿಮಿಷ. ಸಿರಿಂಜು ಪೂರ್ತಿ ಖಾಲಿಯಾಗುವ ಮುಂಚೆಯೇ ಮತ್ತೆ ಸುರಿಯಬೇಕು, ಇಲ್ಲದಿದ್ದರೆ ಗಾಳಿ ಹೋಗಿ ಹೊಟ್ಟೆ ಉಬ್ಬುತ್ತದೆ.

ರಾಗಿ ಗಂಜಿ ಬಿಸಿಯಲ್ಲಿ ನೀರಿನಂತಿದ್ದು ಆರುತ್ತಾ ಗಟ್ಟಿಯಾಗುತ್ತದೆ, ಟ್ಯೂಬು ಕಟ್ಟಿಕೊಳ್ಳಲು ಇದೂ ಒಂದು ಕಾರಣ. ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಇನ್ನೊಂದು ಸಿರಿಂಜಿನಲ್ಲಿ ಸರಾಗ ಇಳಿಯುತ್ತದೆಯೇ ನೋಡಿ ಆಮೇಲೆ ಹಾಕುತ್ತಿದ್ದೆ. ಮಾಡಿಟ್ಟದ್ದು ಎರಡು ಗಂಟೆ ಹೊರಗಿದ್ದರೆ ಚೆಲ್ಲಬೇಕು. ಮಾತ್ರೆಗಳನ್ನು ಊಟಕ್ಕೆ ಬೆರೆಸದೆ, ಒಂದೊಂದನ್ನೇ ಪುಡಿ ಮಾಡಿ ನೀರಲ್ಲಿ ಕದಡಿ, ನಡುವೆ ನೀರು ಹಾಕುತ್ತಾ ಕೊಡಬೇಕು. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಎಲ್ ಎಂದಿರುವ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಮ್ಮೆಗೇ ಹೋಗುತ್ತದೆ. ಮಾವನವರ ಬಿಪಿ ಮಾತ್ರೆ ಅಂಥದ್ದೇ ಆಗಿತ್ತು, ನಾನು ಸ್ಟ್ರಿಪ್ ಹಿಡಿದು ಕೇಳಿದ ಮೇಲೆ ಬದಲಾಯಿಸಿ ಬರೆದುಕೊಟ್ಟರು. ಟ್ಯೂಬು ಕಟ್ಟಿದರೆ ಉಗುರುಬೆಚ್ಚಗಿನ ನೀರನ್ನು ದೊಡ್ಡ ಸಿರಿಂಜಿನಲ್ಲೇ ಮೆಲ್ಲಗೆ ತಳ್ಳಿ, ಎಳೆದು, ಕಾಲು ಗಂಟೆ ಬಿಟ್ಟು ಮತ್ತೆ ನೋಡುವುದು. ಚಿಕ್ಕ ಸಿರಿಂಜಿನ ಒತ್ತಡಕ್ಕೆ ಟ್ಯೂಬು ಬಿರಿಯಬಹುದು. ತಂತಿ ತೂರಿಸಬಾರದು.

ವಾಂತಿ, ಬಿಗಿದ ಹೊಟ್ಟೆ, ಜ್ವರ, ಏದುಸಿರು, ಎಳೆದ ನೀರಿನಲ್ಲಿ ರಕ್ತ ಅಥವಾ ಕಾಫಿ ಬಣ್ಣ ಕಂಡರೆ ಊಟ ನಿಲ್ಲಿಸಿ ಆಸ್ಪತ್ರೆಗೆ ಹೊರಡಬೇಕು.

ಎರಡನೇ ಸಲ ಮನೆಗೆ ಬಂದ ಮೇಲೂ ಅಕ್ಕ, "ಟ್ಯೂಬು ಇದೆಯಲ್ಲ, ಬಾಯಿಗೆ ಒಂದು ಚಮಚ ಕಾಫಿ ಬಿಟ್ರೆ ಏನು" ಎಂದು ಕೇಳಿದರು. ಟ್ಯೂಬು ಶ್ವಾಸನಾಳಕ್ಕೆ ಮುಚ್ಚಳವಲ್ಲ. ನುಂಗುವ ಪರೀಕ್ಷೆ ಆಗುವವರೆಗೆ ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು ಬಿಟ್ಟು ಬೇರೇನೂ ಇಲ್ಲ ಎಂದೆ. ಎಲ್ಲರ ಮುಂದೆ ಗಟ್ಟಿಯಾಗಿಯೇ ಹೇಳಿದೆ. ಅವರು ಮುನಿಸಿಕೊಂಡು ಊರಿಗೆ ಹೋದರು. ಸ್ಪೀಚ್ ಥೆರಪಿಸ್ಟ್ ನೋಡಿ ಒಪ್ಪಿದ ಮೇಲೆ ಮಾವನವರು ಮೊದಲು ನುಂಗಿದ್ದು ಮಂದವಾದ ಮೊಸರು, ಚಮಚದ ತುದಿಯಲ್ಲಿ, ನೇರ ಕೂತು. ಕಾಫಿಯಂಥ ತೆಳ್ಳಗಿನದನ್ನು ಕೊನೆಗೆ ಕೊಡಿ ಎಂದು ಥೆರಪಿಸ್ಟೇ ಹೇಳಿದರು.