ಚೀಟಿಯಲ್ಲಿರುವುದನ್ನು ಪತ್ರಕ್ಕೆ ತರುವುದು: ಮಗಳ ಮೊದಲ ಕವರ್ ಲೆಟರ್

ಆಗಷ್ಟೇ ಪದವಿ ಮುಗಿಸಿದ ಮಕ್ಕಳು ಕವರ್ ಲೆಟರ್ ಬರೆಯಲು ಕುಳಿತರೆ ಸಾಮಾನ್ಯವಾಗಿ ರೆಸ್ಯೂಮೆಯಲ್ಲಿ ಇರುವುದನ್ನೇ ಮತ್ತೆ ಬರೆಯುತ್ತಾರೆ. ಪತ್ರ ಓದುವವರಿಗೆ ಬೇಕಾದದ್ದು ಬೇರೆ. ತಾವು ಜಾಹೀರಾತಿನಲ್ಲಿ ಕೇಳಿದ ಕೆಲಸ ಈ ಹುಡುಗಿಗೆ ಬರುತ್ತದೆಯೇ ಎಂದು ಅವರು ಹುಡುಕುತ್ತಿರುತ್ತಾರೆ. ಆದ್ದರಿಂದ ಬರೆಯುವುದಕ್ಕೆ ಮೊದಲು ವಿಂಗಡಿಸುವ ಕೆಲಸವಿದೆ. ಪೋಷಕರು ನೆರವಾಗಬಹುದಾದ ಜಾಗ ಅದೇ.

ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳು ಸಿಮೆಂಟು, ಕಬ್ಬಿಣದ ಸಗಟು ವ್ಯಾಪಾರದ ಸಂಸ್ಥೆಗೆ ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗಾಗಿ ಅರ್ಜಿ ಹಾಕುತ್ತಿದ್ದಾಳೆ ಎಂದುಕೊಳ್ಳಿ. ಜಾಹೀರಾತು ಕೇಳಿರುವುದು ಮೂರು: ಟ್ಯಾಲಿ ಬರಬೇಕು, ಜಿಎಸ್‌ಟಿ ತಿಳಿದಿರಬೇಕು, ಪಾರ್ಟಿಗಳಿಗೆ ಫೋನ್ ಮಾಡಿ ಬಾಕಿ ಕೇಳಬೇಕು. ಪತ್ರಕ್ಕೆಂದು ಅವಳು ತನ್ನ ಬಗ್ಗೆ ಬರೆದುಕೊಂಡ ಚೀಟಿಯಲ್ಲಿ ಹೀಗಿದೆ: ಬಿ.ಕಾಂ. 74%, ಟ್ಯಾಲಿ ಕೋರ್ಸ್, ಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಬೇಸಿಗೆಯಲ್ಲಿ ಕೆಲಸ, ಎನ್‌ಎಸ್‌ಎಸ್ ಕ್ಯಾಂಪ್, ಥ್ರೋಬಾಲ್, ಶ್ರಮಜೀವಿ, ಕನ್ನಡ–ಇಂಗ್ಲಿಷ್–ಹಿಂದಿ, ಅಪ್ಪ ನಿವೃತ್ತರು, ಜುಲೈಯಿಂದ ಬರಬಹುದು.

ಪ್ರತಿಯೊಂದರ ಮುಂದೆ ‘ಆರಂಭ’, ‘ಕೌಶಲ’, ‘ಮುಕ್ತಾಯ’ ಎಂದು ಗುರುತು ಹಾಕಿಸಿ. ಯಾವುದಕ್ಕೂ ಸೇರದ್ದನ್ನು ಬಿಡಿಸಿ. ಪದವಿ ಆರಂಭಕ್ಕೆ ಹೋಗುತ್ತದೆ, ಟ್ಯಾಲಿ, ಅಂಗಡಿ ಮತ್ತು ಭಾಷೆಗಳು ಕೌಶಲಕ್ಕೆ, ಜುಲೈ ಮುಕ್ತಾಯಕ್ಕೆ. ಥ್ರೋಬಾಲ್, ಎನ್‌ಎಸ್‌ಎಸ್ ರೆಸ್ಯೂಮೆಯಲ್ಲೇ ಇರಲಿ. ಅಪ್ಪನ ನಿವೃತ್ತಿ ಎಲ್ಲೂ ಬೇಡ. ಮನೆಯ ಪರಿಸ್ಥಿತಿ ಬರೆದರೆ ಕನಿಕರ ಹುಟ್ಟಬಹುದು, ಆದರೆ ಅವಳಿಗೆ ಲೆಕ್ಕ ಬರುತ್ತದೆ ಎಂಬುದಕ್ಕೆ ಅದು ಪುರಾವೆಯಾಗುವುದಿಲ್ಲ.

ಆರಂಭಕ್ಕೆ ಎರಡು ವಾಕ್ಯ ಸಾಕು. ಯಾವ ಹುದ್ದೆ, ಜಾಹೀರಾತು ಎಲ್ಲಿ ಕಂಡಿತು, ತಾನು ಯಾರು. “ನಿಮ್ಮ ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಯ ಜಾಹೀರಾತನ್ನು ಭಾನುವಾರದ ಪತ್ರಿಕೆಯಲ್ಲಿ ನೋಡಿ ಅರ್ಜಿ ಸಲ್ಲಿಸುತ್ತಿದ್ದೇನೆ. ಈ ವರ್ಷ ಬಿ.ಕಾಂ. ಮುಗಿಸಿದ್ದೇನೆ, ಹಾರ್ಡ್‌ವೇರ್ ಅಂಗಡಿಯೊಂದರ ದಿನದ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆದ ಅನುಭವವಿದೆ.” ಅವರ ವ್ಯಾಪಾರಕ್ಕೆ ಹತ್ತಿರವಾದ ಅನುಭವ ಹೀಗೆ ಮೊದಲೇ ಕಣ್ಣಿಗೆ ಬೀಳಬೇಕು.

ಹೆಚ್ಚು ಹೊತ್ತು ಕೊಡಬೇಕಾದದ್ದು ಕೌಶಲದ ಪ್ಯಾರಾಕ್ಕೆ. ‘ಟ್ಯಾಲಿ ಬರುತ್ತದೆ’ ಎಂದು ಎಲ್ಲರೂ ಬರೆಯುತ್ತಾರೆ. ನೀವು ಪಕ್ಕದಲ್ಲಿ ಕೂತು ಒಂದೇ ಪ್ರಶ್ನೆ ಕೇಳಿ: “ಅದರಲ್ಲಿ ನೀನು ಏನು ಮಾಡಿದ್ದೀ?” ಖರೀದಿ, ಮಾರಾಟದ ವೋಚರ್ ಹಾಕುತ್ತಿದ್ದೆ, ತಿಂಗಳ ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡುತ್ತಿದ್ದೆ ಎನ್ನುತ್ತಾಳೆ. ಪತ್ರಕ್ಕೆ ಬೇಕಾದ ವಾಕ್ಯ ಅದೇ. ಜಿಎಸ್‌ಟಿ ಬಗ್ಗೆ ಕೇಳಿದರೆ, ಜಿಎಸ್‌ಟಿಆರ್-1ಕ್ಕೆ ಬೇಕಾದ ಮಾರಾಟದ ಬಿಲ್ಲುಗಳ ಪಟ್ಟಿಯನ್ನು ತಾನು ಎಕ್ಸೆಲ್‌ನಲ್ಲಿ ಮಾಡಿದೆ, ರಿಟರ್ನ್ ಸಲ್ಲಿಸಿದ್ದು ಆಡಿಟರ್ ಎನ್ನುತ್ತಾಳೆ. ಹಾಗಾದರೆ ಅಷ್ಟನ್ನೇ ಬರೆಯಲಿ. ‘ಜಿಎಸ್‌ಟಿ ಫೈಲಿಂಗ್ ಮಾಡಿದ್ದೇನೆ’ ಎಂದು ಹಿಗ್ಗಿಸಿ ಬರೆದರೆ ಸಂದರ್ಶನದಲ್ಲಿ ಜಿಎಸ್‌ಟಿಆರ್-3ಬಿ ಬಗ್ಗೆ ಕೇಳುತ್ತಾರೆ, ಅಲ್ಲಿ ಅವಳು ತಡವರಿಸುತ್ತಾಳೆ. ಪಟ್ಟಿ ಮಾಡಿದ್ದನ್ನು ಮಾತ್ರ ಬರೆದಿದ್ದರೆ ಬಿಲ್ ನಂಬರ್, ತೆರಿಗೆ ದರ, ಖರೀದಿದಾರರ ಜಿಎಸ್‌ಟಿ ಸಂಖ್ಯೆ ಯಾವುದನ್ನು ಕೇಳಿದರೂ ಉತ್ತರ ಅವಳ ಬಳಿ ಇರುತ್ತದೆ.

ಮೂರನೆಯದು ಬಾಕಿ ಕೇಳುವ ಫೋನ್. ಅಂಗಡಿಯಲ್ಲಿ ಮಾವನ ಪರವಾಗಿ ಕಂಟ್ರಾಕ್ಟರ್‌ಗಳಿಗೆ ಕನ್ನಡದಲ್ಲೋ ಹಿಂದಿಯಲ್ಲೋ ಫೋನ್ ಮಾಡಿ ಬಾಕಿ ನೆನಪಿಸಿದ್ದರೆ ಅದನ್ನು ಒಂದು ವಾಕ್ಯದಲ್ಲಿ ಸೇರಿಸಲಿ. ಭಾಷೆಗಳನ್ನು ಬೇರೆಯಾಗಿ ಪಟ್ಟಿ ಮಾಡುವ ಅಗತ್ಯ ಆಗ ಉಳಿಯುವುದಿಲ್ಲ. ‘ಶ್ರಮಜೀವಿ’ ಎಂಬ ಪದವನ್ನೂ ತೆಗೆದುಬಿಡಬಹುದು, ಅದನ್ನು ಮಾಡಿದ ಕೆಲಸವೇ ಹೇಳುತ್ತದೆ.

ಮುಕ್ತಾಯ ಚಿಕ್ಕದು: ಜುಲೈ 1ರಿಂದ ಸೇರಬಲ್ಲೆ, ರೆಸ್ಯೂಮೆ ಲಗತ್ತಿಸಿದ್ದೇನೆ, ಸಂದರ್ಶನಕ್ಕೆ ಕರೆದರೆ ಬರುತ್ತೇನೆ, ವಂದನೆಗಳು. ಕೆಳಗೆ ಹೆಸರು, ಫೋನ್ ನಂಬರ್. ಅವರು ಕೇಳದಿದ್ದರೆ ಸಂಬಳದ ಮಾತು ಇಲ್ಲಿ ಬೇಡ.

ಪತ್ರ ಇಂಗ್ಲಿಷಿನಲ್ಲೇ ಹೋಗಬೇಕಾಗಿದ್ದರೂ ಈ ಜೋಡಣೆಯನ್ನು ಮನೆಮಾತಿನಲ್ಲಿ ಮಾಡಿಕೊಳ್ಳುವುದು ಒಳ್ಳೆಯದು. ಮಾಡಿದ್ದೇನು ಎಂಬುದು ಸ್ಪಷ್ಟವಾದ ಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಅವಳೇ ಬರೆಯಲಿ. ನೀವು ಬರೆದುಕೊಟ್ಟ ಅಥವಾ ಸೈಬರ್ ಸೆಂಟರ್‌ನಲ್ಲಿ ಸಿಗುವ ಸಿದ್ಧ ಪತ್ರದ ಭಾಷೆಗೂ ಅವಳು ಎದುರು ಕೂತು ಆಡುವ ಮಾತಿಗೂ ಇರುವ ಅಂತರ ಬೇಗ ಗೊತ್ತಾಗುತ್ತದೆ. ಎಲ್ಲ ಸೇರಿ ಒಂದು ಪುಟ ದಾಟಬಾರದು, ಅರ್ಧ ಪುಟಕ್ಕೆ ಮುಗಿದರೂ ಕೊರತೆಯಿಲ್ಲ.

ಕಳಿಸುವ ಮುನ್ನ ನೀವು ನೋಡಿಕೊಡಬೇಕಾದದ್ದು ಸಂಸ್ಥೆಯ ಹೆಸರು ಮತ್ತು ಹುದ್ದೆಯ ಹೆಸರು. ಹಿಂದಿನ ಅರ್ಜಿಯನ್ನೇ ತಿದ್ದಿ ಕಳಿಸುವಾಗ ಹಳೆಯ ಸಂಸ್ಥೆಯ ಹೆಸರು ಎಲ್ಲೋ ಒಂದು ಸಾಲಿನಲ್ಲಿ ಉಳಿದುಬಿಡುತ್ತದೆ. ಬರೆದವರ ಕಣ್ಣಿಗೆ ಅದು ಬೀಳುವುದು ಕಷ್ಟ, ಆದ್ದರಿಂದ ಜಾಹೀರಾತನ್ನು ಪಕ್ಕದಲ್ಲಿಟ್ಟುಕೊಂಡು ನೀವೇ ಒಮ್ಮೆ ಗಟ್ಟಿಯಾಗಿ ಓದಿ.