ಹೆಸರು ಮತ್ತು ಲಾಂಛನದ ಪರೀಕ್ಷೆ: ಗ್ರಾಹಕರ ಬಾಯಿಗೆ ನಮ್ಮ ಉತ್ತರವನ್ನು ಇಡದಿರುವುದು ಹೇಗೆ?

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಭ್ಯಾಸ ಪಾಠ)



ಸಂಜೀವಿನಿ ಒಕ್ಕೂಟಗಳ ಸ್ವಸಹಾಯ ಗುಂಪುಗಳು ಆಹಾರ ಪದಾರ್ಥಗಳನ್ನು ತಯಾರಿಸಿ ಮಾರಾಟಕ್ಕೆ ಮುಂದಾದಾಗ, ಹೆಸರು ಮತ್ತು ಲಾಂಛನದ ವಿಷಯವು ಸಾಮಾನ್ಯವಾಗಿ ಒಂದು ಸಭೆಯಲ್ಲಿಯೇ ತೀರ್ಮಾನವಾಗುತ್ತದೆ. ಎರಡು ಮೂರು ಚಿತ್ರಗಳನ್ನು ತೋರಿಸಿ, ಕೈ ಎತ್ತಿಸಿ, ಹೆಚ್ಚು ಕೈಗಳು ಬಂದುದನ್ನು ಅಚ್ಚಿಗೆ ಕಳುಹಿಸಲಾಗುತ್ತದೆ. ಬಣ್ಣದ ಮುದ್ರಿತ ಪೊಟ್ಟಣಗಳನ್ನು ಸಾವಿರಗಳ ಲೆಕ್ಕದಲ್ಲಿ ತರಿಸಬೇಕಾಗುತ್ತದೆ. ಕೆಲವು ಬಗೆಯ ಮುದ್ರಣದಲ್ಲಿ ಪ್ರತಿಯೊಂದು ಬಣ್ಣಕ್ಕೂ ಪ್ರತ್ಯೇಕ ಸಿಲಿಂಡರ್ ಮಾಡಿಸಬೇಕು. ಹೆಸರು ಹಿಡಿಸಲಿಲ್ಲವೆಂದು ಅನಂತರ ತಿಳಿದರೆ, ಗುಂಪು ಪಡೆದ ಸಾಲದ ಒಂದು ಭಾಗ ಉಪಯೋಗಕ್ಕೆ ಬಾರದ ಪೊಟ್ಟಣಗಳ ರೂಪದಲ್ಲಿ ಗೋದಾಮಿನಲ್ಲಿ ಉಳಿಯುತ್ತದೆ.

ಇದನ್ನು ತಪ್ಪಿಸಲು ಇಪ್ಪತ್ತನಾಲ್ಕು ಮಂದಿ ಗ್ರಾಹಕರು ಮತ್ತು ಎರಡು ದಿನಗಳ ಅವಧಿ ಸಾಕು. ಆದರೆ ಒಂದು ಮಾತನ್ನು ಮೊದಲೇ ಮನಗಾಣಬೇಕು. ಸಣ್ಣ ಗುಂಪು ದೋಷವನ್ನು ತೋರಿಸಿಕೊಡಬಲ್ಲದು. ಗೆಲ್ಲುವ ಹೆಸರನ್ನು ಆರಿಸಿಕೊಡಲಾರದು. ಈ ಪಾಠದ ಉಳಿದೆಲ್ಲ ವಿವರಗಳೂ ಈ ಮಾತಿನಿಂದಲೇ ಹುಟ್ಟುತ್ತವೆ.

ಉದಾಹರಣೆ

ಹುಣಸೂರು–ಪಿರಿಯಾಪಟ್ಟಣ ಹೆದ್ದಾರಿಯಲ್ಲಿರುವ ಕಂಪಲಾಪುರದಲ್ಲಿ ಒಂದು ಗುಂಪು ರಾಗಿ ಹುರಿಹಿಟ್ಟನ್ನು ಮಾರಲು ಹೊರಟಿದೆ ಎಂದು ಭಾವಿಸೋಣ. ಗ್ರಾಹಕರಲ್ಲಿ ಎರಡು ಬಗೆಯವರಿದ್ದಾರೆ: ಪಿರಿಯಾಪಟ್ಟಣ ಮತ್ತು ಹುಣಸೂರಿನ ಅಂಗಡಿಗಳಲ್ಲಿ ಮನೆಗೆ ಸಾಮಾನು ಕೊಳ್ಳುವವರು ಹಾಗೂ ಬೈಲಕುಪ್ಪೆ, ಕುಶಾಲನಗರದ ಕಡೆಗೆ ಹೋಗುವ ಪ್ರಯಾಣಿಕರು. ಗುಂಪಿನ ಮುಂದೆ ‘ಪುಷ್ಟಿ’, ‘ರಾಗಿಕಲ್ಲು’ ಮತ್ತು ‘ತವರು ಬುತ್ತಿ’ ಎಂಬ ಮೂರು ಹೆಸರುಗಳಿವೆ. ಲಾಂಛನಗಳು ಎರಡು: ತಲೆಯ ಮೇಲೆ ರಾಗಿ ತೆನೆಯ ಹೊರೆ ಹೊತ್ತ ಮಹಿಳೆ ಮತ್ತು ಬೀಸುವ ಕಲ್ಲು. ಈ ಹೆಸರುಗಳೂ ಮುಂದೆ ಬರುವ ಅಂಕಿಗಳೂ ಕಲಿಕೆಗಾಗಿ ಕಲ್ಪಿಸಿಕೊಂಡವು.

ಕಾನೂನಿನ ದೃಷ್ಟಿಯಿಂದ ಬಳಸಲಾಗದ ಹೆಸರನ್ನು ಪರೀಕ್ಷೆಗೆ ಒಡ್ಡುವುದು ವ್ಯರ್ಥ. 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದ 9ನೇ ಪ್ರಕರಣದ ಪ್ರಕಾರ ಧಾರ್ಮಿಕ ಭಾವನೆಗೆ ಧಕ್ಕೆ ತರುವ ಚಿಹ್ನೆಗೆ ನೋಂದಣಿ ಇಲ್ಲ. ಕೇವಲ ಊರನ್ನು ಅಥವಾ ಪದಾರ್ಥವನ್ನು ಸೂಚಿಸುವ ಹೆಸರಿಗೂ ಸಾಮಾನ್ಯವಾಗಿ ನೋಂದಣಿ ಸಿಗುವುದಿಲ್ಲ. ಬೇರೆಯವರು ಈಗಾಗಲೇ ನೋಂದಾಯಿಸಿದ್ದಾರೆಯೇ ಎಂಬುದನ್ನು ವ್ಯಾಪಾರ ಚಿಹ್ನೆ ನೋಂದಣಿ ಕಚೇರಿಯ ಅಂತರಜಾಲ ಪುಟದಲ್ಲಿ ಹುಡುಕಿ ನೋಡತಕ್ಕದ್ದು. ಹಿಟ್ಟು, ಧಾನ್ಯ ಪದಾರ್ಥಗಳು ಅಲ್ಲಿ 30ನೇ ವರ್ಗದಲ್ಲಿ ಬರುತ್ತವೆ.

ಉತ್ತರ ಎಲ್ಲಿ ಬಾಗುತ್ತದೆ?

ಮೊದಲನೆಯದಾಗಿ, ಕೇಳುವವರ ಮುಖ ನೋಡಿ ಉತ್ತರ ಬಾಗುತ್ತದೆ. ಹಿಟ್ಟು ಮಾಡಿದವರೇ ಎದುರು ಕುಳಿತು ‘ಹೇಗಿದೆ?’ ಎಂದರೆ ‘ಚೆನ್ನಾಗಿದೆ ಅಕ್ಕ’ ಎನ್ನುವುದು ನಮ್ಮ ಕಡೆಯ ಸೌಜನ್ಯ. ಗ್ರಾಮ ಪಂಚಾಯಿತಿ ಸದಸ್ಯರಾಗಲಿ ಅಭಿವೃದ್ಧಿ ಅಧಿಕಾರಿಯಾಗಲಿ ಪಕ್ಕದಲ್ಲಿದ್ದರೆ ಈ ಸೌಜನ್ಯ ಇನ್ನೂ ಹೆಚ್ಚುತ್ತದೆ. ಆದುದರಿಂದ ಗುಂಪಿಗೆ ಸೇರದ, ಆ ಗ್ರಾಹಕರಿಗೆ ಪರಿಚಯವಿಲ್ಲದ ಒಬ್ಬರು ಪ್ರಶ್ನೆ ಕೇಳಬೇಕು. ಹತ್ತಿರದ ಪಟ್ಟಣದ ಕಾಲೇಜು ವಿದ್ಯಾರ್ಥಿಯಾದರೂ ಆದೀತು. ಗುಂಪಿನ ಒಲವು ಯಾವ ಹೆಸರಿನ ಕಡೆಗಿದೆ ಎಂಬುದು ಅವರಿಗೂ ತಿಳಿದಿರಬಾರದು. ತಿಳಿದಿದ್ದರೆ ದನಿಯಲ್ಲಿ, ಕಣ್ಣಿನಲ್ಲಿ ಅದು ಹೊರಬೀಳುತ್ತದೆ. ಸದಸ್ಯರಾದ ತಾವು ಆ ಹೊತ್ತಿನಲ್ಲಿ ಸ್ಥಳದಲ್ಲಿ ಇರದಿರುವುದೇ ಪರೀಕ್ಷೆಗೆ ಮಾಡುವ ಸಹಾಯ.

ಎರಡನೆಯದಾಗಿ, ಗುಂಪಾಗಿ ಕೂರಿಸಿದರೆ ಮೊದಲು ಮಾತನಾಡಿದವರ ಅಭಿಪ್ರಾಯವೇ ಎಲ್ಲರದ್ದೂ ಆಗುತ್ತದೆ. ಹಿರಿಯರೊಬ್ಬರು ‘ಇದೇ ಸರಿ’ ಎಂದ ಮೇಲೆ ಸೊಸೆಯಂದಿರು ಬೇರೆ ಮಾತು ಆಡುವುದು ಅಪರೂಪ. ಆದ್ದರಿಂದ ಒಬ್ಬೊಬ್ಬರನ್ನೇ, ಇತರರಿಗೆ ಕೇಳಿಸದಂತೆ ಮಾತನಾಡಿಸಬೇಕು.

ಮೂರನೆಯದಾಗಿ, ತೋರಿಸುವ ಕ್ರಮದಿಂದ ಉತ್ತರ ಬಾಗುತ್ತದೆ. ಮೊದಲು ಕಂಡದ್ದಕ್ಕೂ ಕೊನೆಗೆ ಕಂಡದ್ದಕ್ಕೂ ನಡುವಿನದ್ದಕ್ಕಿಂತ ಹೆಚ್ಚು ಅನುಕೂಲ ಸಿಗುವುದುಂಟು. ಮೂರು ಹೆಸರುಗಳನ್ನು ಜೋಡಿಸಲು ಆರು ಕ್ರಮಗಳಿವೆ. ಪ್ರತಿ ಕ್ರಮಕ್ಕೂ ನಾಲ್ವರಂತೆ ಇಪ್ಪತ್ತನಾಲ್ಕು ಮಂದಿ ಬೇಕು. ಈ ಸಂಖ್ಯೆ ಬಂದದ್ದು ಹೀಗೆ. ಆಗ ಪ್ರತಿಯೊಂದು ಹೆಸರನ್ನೂ ಎಂಟು ಮಂದಿ ಮೊದಲು ಕಾಣುತ್ತಾರೆ. ಚೀಟಿಗಳ ಮೇಲೆ 1, 2, 3 ಎಂದು ಬರೆಯಬಾರದು. ‘ಒಂದು’ ಎಂಬುದೇ ಮೊದಲ ಸ್ಥಾನವನ್ನು ಸೂಚಿಸುತ್ತದೆ. ಗುರುತು ಚೀಟಿಯ ಹಿಂಬದಿಯಲ್ಲಿರಲಿ.

ನಾಲ್ಕನೆಯದಾಗಿ, ಒಂದು ಹೆಸರು ಬಣ್ಣದ ಅಚ್ಚಿನಲ್ಲಿ, ಇನ್ನೊಂದು ಪೆನ್ಸಿಲ್ ಬರಹದಲ್ಲಿ ಇದ್ದರೆ ಜನರು ಮೆಚ್ಚುವುದು ಅಚ್ಚನ್ನು, ಹೆಸರನ್ನಲ್ಲ. ಮೂರೂ ಹೆಸರುಗಳು ಬಿಳಿ ಚೀಟಿಯ ಮೇಲೆ ಒಂದೇ ಗಾತ್ರದ ಕಪ್ಪು ಅಕ್ಷರಗಳಲ್ಲಿರಬೇಕು. ಲಾಂಛನಗಳನ್ನು ಅನಂತರ, ಹೆಸರಿಲ್ಲದೆ, ಒಂದೇ ಕೈಯಿಂದ ಬರೆಸಿದ ಕಪ್ಪುಬಿಳುಪು ಚಿತ್ರಗಳಾಗಿ ತೋರಿಸಬೇಕು. ಹನ್ನೆರಡು ಮಂದಿಗೆ ಒಂದು ಕ್ರಮದಲ್ಲಿ, ಉಳಿದವರಿಗೆ ಇನ್ನೊಂದು ಕ್ರಮದಲ್ಲಿ.

ಕೇಳುವ ಮಾತು

‘ನಮ್ಮೂರ ಹೆಣ್ಣುಮಕ್ಕಳು ಕಷ್ಟಪಟ್ಟು ಮಾಡಿದ ಹಿಟ್ಟಿಗೆ ಈ ಹೆಸರು ಚೆನ್ನಾಗಿದೆಯಲ್ಲವೇ?’ ಎಂಬ ಪ್ರಶ್ನೆಯಲ್ಲಿ ಉತ್ತರ ಮೊದಲೇ ಅಡಗಿದೆ. ‘ಚೆನ್ನಾಗಿದೆಯೇ’ ಎಂದು ಕೇಳದೆ ‘ಏನು ಅನಿಸುತ್ತದೆ’ ಎಂದು ಕೇಳಬೇಕು. ಯಾವ ಪದಾರ್ಥ, ಯಾರು ಮಾಡಿದ್ದು ಎಂಬುದನ್ನು ಆರಂಭದಲ್ಲಿ ತಿಳಿಸಬಾರದು. ಕ್ರಮ ಹೀಗಿರಲಿ:

1. ‘ಇದನ್ನು ಗಟ್ಟಿಯಾಗಿ ಓದಿ.’ (ತಡವರಿಸಿದರೆ ಗುರುತು ಮಾಡಿಕೊಳ್ಳುವುದು.)
2. ‘ಈ ಹೆಸರಿನ ಪೊಟ್ಟಣದೊಳಗೆ ಏನಿರಬಹುದು?’
3. ‘ಇದನ್ನು ಯಾರು, ಎಲ್ಲಿ ಮಾರುತ್ತಿರಬಹುದು?’
4. ಎಲ್ಲ ಹೆಸರುಗಳೂ ಮುಗಿದ ಮೇಲೆ: ‘ಇದು ರಾಗಿ ಹುರಿಹಿಟ್ಟು. ಅಂಗಡಿಯಲ್ಲಿ ಈ ಮೂರೂ ಇದ್ದರೆ ಯಾವುದನ್ನು ಎತ್ತಿಕೊಳ್ಳುವಿರಿ? ಏಕೆ?’

ಉತ್ತರವನ್ನು ಗ್ರಾಹಕರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಅವರು ತಪ್ಪಾಗಿ ತಿಳಿದರೆ ತಿದ್ದಬಾರದು. ಆ ತಪ್ಪೇ ನಮಗೆ ಬೇಕಾದ ಮಾಹಿತಿ. ‘ನೀವೇ ಹೇಳಿ ಅಕ್ಕ, ಇದೇನು?’ ಎಂದು ತಿರುಗಿ ಕೇಳಿದರೆ, ‘ನಿಮಗೆ ಏನು ತೋಚಿತೋ ಅದೇ ಬೇಕು’ ಎಂದಷ್ಟೇ ಹೇಳಿ ಸುಮ್ಮನಿರಬೇಕು. ಗುಂಪಿನವರ ನೆಂಟರನ್ನು, ಅದೇ ಬೀದಿಯವರನ್ನು ಪರೀಕ್ಷೆಗೆ ಸೇರಿಸಿಕೊಳ್ಳಬಾರದು. ಹನ್ನೆರಡು ಮಂದಿ ಪಟ್ಟಣದ ಅಂಗಡಿ ಗ್ರಾಹಕರು, ಹನ್ನೆರಡು ಮಂದಿ ಪ್ರಯಾಣಿಕರು ಇರಲಿ.

ಫಲಿತಾಂಶವನ್ನು ಓದುವ ಬಗೆ

ಕೊನೆಯ ಪ್ರಶ್ನೆಗೆ ‘ಪುಷ್ಟಿ’ 11, ‘ತವರು ಬುತ್ತಿ’ 8, ‘ರಾಗಿಕಲ್ಲು’ 5 ಮತ ಪಡೆದವು ಎನ್ನೋಣ. ಕೈ ಎತ್ತಿಸುವ ಸಭೆಯಾಗಿದ್ದರೆ ‘ಪುಷ್ಟಿ’ ಅಚ್ಚಿಗೆ ಹೋಗುತ್ತಿತ್ತು. ಈಗ ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳ ಉತ್ತರಗಳನ್ನು ನೋಡೋಣ. ಇಲ್ಲಿ ಆಯಾ ಹೆಸರನ್ನು ಮೊದಲು ಕಂಡ ಎಂಟು ಮಂದಿಯ ಉತ್ತರವನ್ನು ಮಾತ್ರ ಎಣಿಸಬೇಕು. ‘ರಾಗಿಕಲ್ಲು’ ಎಂಬುದನ್ನು ಆಗಲೇ ನೋಡಿದವರಿಗೆ ಮುಂದಿನ ಹೆಸರಿನಲ್ಲಿಯೂ ರಾಗಿಯೇ ಕಾಣುತ್ತದೆ.

‘ಪುಷ್ಟಿ’ಯನ್ನು ಮೊದಲು ಕಂಡ ಎಂಟರಲ್ಲಿ ಆರು ಮಂದಿ ‘ಅಂಗನವಾಡಿಯಲ್ಲಿ ಮಕ್ಕಳಿಗೆ ಕೊಡುವ ಪುಡಿ’ ಎಂದರು. ಅಂಗನವಾಡಿಯ ಪೂರಕ ಆಹಾರ ಆ ಹೆಸರಿನಲ್ಲಿಯೇ ಬರುತ್ತದೆ. ಒಳ್ಳೆಯ ಹೆಸರೆಂದು ಮೆಚ್ಚಿದರೂ, ಉಚಿತವಾಗಿ ಸಿಗುವುದೆಂದು ತಿಳಿದ ಪದಾರ್ಥಕ್ಕೆ ಯಾರೂ ಹಣ ಕೊಡಲಾರರು. ‘ರಾಗಿಕಲ್ಲು’ ಎಂದಾಗ ಹಿರಿಯರಿಗೆ ಬೀಸುವ ಕಲ್ಲು ಕಂಡಿತು. ಮೂವರು ಕಿರಿಯರು ‘ರಾಗಿಯಲ್ಲಿ ಕಲ್ಲೇ?’ ಎಂದು ಕೇಳಿದರು. ತಿನ್ನುವ ಪದಾರ್ಥಕ್ಕೆ ಈ ಸಂದೇಹ ಮಾರಕ. ‘ತವರು ಬುತ್ತಿ’ಯನ್ನು ಆರು ಮಂದಿ ಮನೆಯಲ್ಲಿ ಮಾಡಿದ ತಿನಿಸು ಎಂದರು, ಹುರಿಹಿಟ್ಟು ಎಂದು ಯಾರಿಗೂ ಹೊಳೆಯಲಿಲ್ಲ. ಈ ಕೊರತೆಯನ್ನು ತಿದ್ದಬಹುದು: ಹೆಸರಿನ ಕೆಳಗೆ ‘ರಾಗಿ ಹುರಿಹಿಟ್ಟು’ ಎಂದು ದೊಡ್ಡದಾಗಿ ಹಾಕಿದರಾಯಿತು. ಮೊದಲ ಎರಡರ ದೋಷಗಳು ಹೆಸರಿನೊಳಗೇ ಇವೆ.

ಲಾಂಛನದಲ್ಲಿ ತೆನೆ ಹೊತ್ತ ಮಹಿಳೆಗೆ 15, ಬೀಸುವ ಕಲ್ಲಿಗೆ 9 ಮತ ಬಂದವು ಎನ್ನೋಣ. ಅಂತರ ದೊಡ್ಡದೆಂದು ತೋರಬಹುದು. ಆದರೆ ಒಂದು ನಾಣ್ಯವನ್ನು 24 ಬಾರಿ ಚಿಮ್ಮಿದರೆ, ಯಾವುದೋ ಒಂದು ಮುಖ 15 ಅಥವಾ ಅದಕ್ಕಿಂತ ಹೆಚ್ಚು ಬಾರಿ ಬೀಳುವ ಸಂಭವ ನೂರರಲ್ಲಿ ಸುಮಾರು 30. ಎಂದರೆ, ಜನರಿಗೆ ಯಾವ ಒಲವೂ ಇಲ್ಲದಿದ್ದರೂ ಇಂತಹ ಅಂತರ ಬರಬಹುದು. 18ಕ್ಕೆ 6 ಆದರೆ ಮಾತು ಬೇರೆ. ಅಷ್ಟು ಅಥವಾ ಅದಕ್ಕೂ ಹೆಚ್ಚಿನ ಅಂತರ ಆಕಸ್ಮಿಕವಾಗಿ ಬರುವುದು ನೂರರಲ್ಲಿ ಎರಡು ಮೂರು ಬಾರಿ ಮಾತ್ರ.

ಇನ್ನೊಂದೆಡೆ, ಅದೇ ಚಿತ್ರವನ್ನು ನೋಡಿ ಏಳು ಮಂದಿ ‘ಇದು ಪಕ್ಷದ ಗುರುತು’ ಎಂದು ತಾವಾಗಿಯೇ ಹೇಳಿದರು ಎಂದಿಟ್ಟುಕೊಳ್ಳಿ. ತೆನೆ ಹೊತ್ತ ಮಹಿಳೆ ನಮ್ಮ ರಾಜ್ಯದ ಒಂದು ರಾಜಕೀಯ ಪಕ್ಷದ ಚುನಾವಣಾ ಚಿಹ್ನೆ. ಸದಸ್ಯರ ಎದುರು, ತುಂಬಿದ ಸಭೆಯಲ್ಲಿ ಈ ಮಾತನ್ನು ಯಾರೂ ಆಡುವುದಿಲ್ಲ. ಒಬ್ಬರನ್ನೇ ಕೇಳಿದಾಗ ಮಾತ್ರ ಅದು ಹೊರಬರುತ್ತದೆ. ಹದಿನೈದು ಮತಗಳು ಏನನ್ನೂ ಸಾಬೀತುಪಡಿಸಲಿಲ್ಲ. ಈ ಏಳು ಮಾತುಗಳು ಚಿತ್ರವನ್ನು ಕೈಬಿಡಲು ಸಾಕು. ಮೆಚ್ಚುಗೆಯ ಎಣಿಕೆ ಆಕಸ್ಮಿಕವಾಗಿ ಏರಿಳಿಯಬಹುದು, ಆದರೆ ಕೇಳದೆಯೇ ಹಲವರ ಬಾಯಲ್ಲಿ ಬಂದ ಒಂದೇ ತಪ್ಪು ಅರ್ಥ ಆಕಸ್ಮಿಕವಲ್ಲ.

ಪರೀಕ್ಷೆಯ ಮಿತಿ

ಚೀಟಿಯ ಮೇಲೆ ನೋಡಿ ಹೇಳಿದ ಮಾತು ಅಂಗಡಿಯಲ್ಲಿ ಹಣ ಕೊಡುವಾಗ ಬದಲಾಗಬಹುದು. ಅಮೆರಿಕದಲ್ಲಿ ಟ್ರಾಪಿಕಾನಾ ಹಣ್ಣಿನ ರಸದ ಪೊಟ್ಟಣದ ಚಿತ್ರವನ್ನು 2009ರ ಜನವರಿಯಲ್ಲಿ ಬದಲಿಸಲಾಯಿತು. ಅನೇಕ ಹಳೆಯ ಗ್ರಾಹಕರಿಗೆ ತಮ್ಮ ಪೊಟ್ಟಣದ ಗುರುತು ಕಪಾಟಿನಲ್ಲಿ ಹತ್ತಲಿಲ್ಲ, ಮಾರಾಟ ಕುಸಿಯಿತು, ಫೆಬ್ರವರಿಯಲ್ಲಿಯೇ ಸಂಸ್ಥೆಯು ಹಳೆಯ ಚಿತ್ರಕ್ಕೆ ಮರಳುವುದಾಗಿ ಪ್ರಕಟಿಸಿತು. ಕಪಾಟಿನಲ್ಲಿ ಕಣ್ಣಿಗೆ ಬೀಳುವುದು ಒಂದು ಬೇರೆಯ ಗುಣ. ಅದಕ್ಕೆ ಬೇರೆಯ ಪರೀಕ್ಷೆ ಬೇಕು.

ಆದುದರಿಂದ ದೋಷ ಕಾಣದೆ ಉಳಿದ ಹೆಸರು ಮತ್ತು ಲಾಂಛನವನ್ನು ಕೂಡಲೇ ಪೊಟ್ಟಣಕ್ಕೆ ಅಚ್ಚು ಹಾಕಿಸಬಾರದು. ಸಾದಾ ಪೊಟ್ಟಣಗಳಿಗೆ ಕಾಗದದ ಅಂಟುಚೀಟಿ ಹಚ್ಚಿ, ಎರಡು ಅಂಗಡಿಗಳಲ್ಲಿ ಇತರ ಹಿಟ್ಟುಗಳ ನಡುವೆ ಕೆಲವು ವಾರ ಇಟ್ಟು ನೋಡತಕ್ಕದ್ದು. ಗ್ರಾಹಕರು ಹೆಸರು ಹಿಡಿದು ಕೇಳುತ್ತಾರೆಯೇ, ಎರಡನೆಯ ಸಲ ಕೊಳ್ಳಲು ಬರುತ್ತಾರೆಯೇ ಎಂಬುದನ್ನು ಅಂಗಡಿಯವರಿಂದ ತಿಳಿದುಕೊಂಡ ಮೇಲೆ ಮುದ್ರಣಕ್ಕೆ ಕೊಡಬಹುದು.

ಸದಸ್ಯರಿಗೆ ಅಭ್ಯಾಸ

1. ತಮ್ಮ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಒಂದು ಉತ್ಪನ್ನದ ಹೆಸರನ್ನು ಬಿಳಿ ಚೀಟಿಯಲ್ಲಿ ಬರೆಸಿ, ಅದನ್ನು ಅರಿಯದ ಎಂಟು ಮಂದಿಗೆ ಬೇರೆಯವರ ಮೂಲಕ ತೋರಿಸಿ, ‘ಒಳಗೆ ಏನಿರಬಹುದು?’ ಎಂದು ಮಾತ್ರ ಕೇಳಿಸಿರಿ. ಉತ್ತರಗಳಲ್ಲಿ ಒಂದೇ ತಪ್ಪು ಅರ್ಥ ಎಷ್ಟು ಬಾರಿ ಬಂದಿದೆ?
2. ‘ಈ ಎರಡು ಲಾಂಛನಗಳಲ್ಲಿ ಹೊಸದು ಹೆಚ್ಚು ಅಂದವಾಗಿದೆ ಎನಿಸುವುದಿಲ್ಲವೇ?’ ಎಂಬ ಪ್ರಶ್ನೆಯಲ್ಲಿ ಉತ್ತರವನ್ನು ಬಾಗಿಸುವ ಮಾತುಗಳನ್ನು ಗುರುತಿಸಿ, ಪ್ರಶ್ನೆಯನ್ನು ಹೊಸದಾಗಿ ಬರೆಯಿರಿ.
3. 24 ಮಂದಿಯಲ್ಲಿ 13 ಮಂದಿ ಒಂದು ಹೆಸರನ್ನು, 11 ಮಂದಿ ಇನ್ನೊಂದನ್ನು ಆರಿಸಿದ್ದಾರೆ. ಒಕ್ಕೂಟದ ಸಭೆಗೆ ತಾವು ಏನೆಂದು ವರದಿ ಕೊಡುವಿರಿ?